ಹಾಳೆ ತಟ್ಟೆ ಘಟಕದ ಲೆಕ್ಕ: ಯಾವುದು ನಮ್ಮ ಕೈಗೆ ಎಟಕುತ್ತದೆ?

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳು ಊಟಕ್ಕೆ ಬಳಸಲು ತಕ್ಕವಲ್ಲ ಎಂದು ಹೇಳಿತು. ಹಾಳೆಯಲ್ಲಿರುವ ಅರೆಕೋಲಿನ್‌ನಂತಹ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದು ಎಂಬುದು ಅವರ ಆಕ್ಷೇಪ. ತೀರ್ಥಹಳ್ಳಿ ಕಡೆಯ ನಮ್ಮ ಘಟಕ ನೇರವಾಗಿ ರಫ್ತು ಮಾಡುವುದಿಲ್ಲ. ರಫ್ತುದಾರರೊಬ್ಬರಿಗೆ ಮಾಲು ಕೊಡುತ್ತೇವೆ. ಅವರ ಆರ್ಡರ್ ನಿಂತಾಗ, ವ್ಯವಹಾರವನ್ನು ಹೊರಗಿನಿಂದ ಅಲುಗಾಡಿಸುವ ಸಂಗತಿಗಳನ್ನೆಲ್ಲ ಒಮ್ಮೆ ಬರೆದು ವಿಂಗಡಿಸೋಣ ಎಂದು ಕುಳಿತೆ.

ಬಿ.ಕಾಂ. ಓದುವಾಗ ಕಲಿತ ವಿಭಾಗ ನೆನಪಿತ್ತು. ಸರಕು ಪೂರೈಸುವವರು, ಗಿರಾಕಿಗಳು, ಮಧ್ಯವರ್ತಿಗಳು, ಪ್ರತಿಸ್ಪರ್ಧಿಗಳು, ಸುತ್ತಲಿನ ಜನರು ಮತ್ತು ಸ್ಥಳೀಯ ಸಂಸ್ಥೆಗಳು ಸೂಕ್ಷ್ಮ ಪರಿಸರ. ಕಾನೂನು, ಆರ್ಥಿಕ ಸ್ಥಿತಿ, ಹವಾಮಾನ, ತಂತ್ರಜ್ಞಾನ, ಜನಸಂಖ್ಯೆ, ಸಂಸ್ಕೃತಿ ಇವು ಸ್ಥೂಲ ಪರಿಸರ. ಮೊದಲನೆಯದು ನಮ್ಮ ಹಿಡಿತಕ್ಕೆ ಬರುತ್ತದೆ, ಎರಡನೆಯದು ಬರುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ಘಟಕ ನಡೆಸಲು ಅಷ್ಟು ಸಾಲದು. ಒಂದು ಸಂಗತಿ ನಮಗೆ ಎಷ್ಟು ಹತ್ತಿರದ್ದು ಎಂಬುದು ಒಂದು ಪ್ರಶ್ನೆ, ಅದು ನಮ್ಮ ಮಾತು ಕೇಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಪಟ್ಟಿಯಲ್ಲಿ ನಾನು ಮೊದಲು ಬರೆದದ್ದು ‘ಮಳೆ’. ಹೀಗೆ ಒಂದೇ ಪದದಲ್ಲಿ ಬರೆದರೆ ಸ್ಥೂಲ ಪರಿಸರದ ಕಡೆಗೆ ತಳ್ಳಿ ಕೈ ತೊಳೆದುಕೊಳ್ಳಬಹುದು. ಆದರೆ ಮಳೆಯಿಂದ ನಮಗೆ ಆಗುವ ನಷ್ಟ ಏನು? ಹಾಳೆ ಬೂಸಲು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ, ಆ ತಟ್ಟೆಯನ್ನು ಯಾರೂ ಕೊಳ್ಳುವುದಿಲ್ಲ. ಆ ಬೂಸಲಿನ ಬೆನ್ನು ಹತ್ತಿ ಹೋದೆ. ಹಾಳೆ ಹೆಚ್ಚಾಗಿ ಉದುರುವುದು ಬೇಸಗೆಯಲ್ಲಿ. ಮಳೆಗಾಲದಲ್ಲಿ ಓಡಿಸುವುದು ಆಗ ಕೂಡಿಟ್ಟ ದಾಸ್ತಾನನ್ನೇ. ಅಕಾಲಿಕ ಮಳೆ ಸುರಿಯುವುದು ಸ್ಥೂಲ ಪರಿಸರ, ಅದರ ಬಗ್ಗೆ ಮಾಡುವುದೇನೂ ಇಲ್ಲ. ಬಿದ್ದ ಹಾಳೆಯನ್ನು ರೈತರು ತೋಟದಲ್ಲೇ ವಾರಗಟ್ಟಲೆ ಬಿಟ್ಟು, ಇಬ್ಬನಿಗೋ ಮಳೆಗೋ ನೆನೆದ ಮೇಲೆ ಕಟ್ಟಿ ಕಳಿಸುವುದು ಸೂಕ್ಷ್ಮ ಪರಿಸರ. ಬಂದ ಕಟ್ಟನ್ನು ನೆಲಕ್ಕೆ ತಾಗಿಸಿ ಒಟ್ಟುವುದು ನಮ್ಮ ಗೋದಾಮಿನ ಒಳಗಿನ ವಿಷಯ, ಎರಡೂ ಪರಿಸರಕ್ಕೆ ಸೇರದು. ಒಂದು ‘ಮಳೆ’ ಮೂರು ಸಾಲಾಯಿತು. ಪ್ರತಿ ಸಾಲಿಗೂ ತೀರ್ಮಾನ ತೆಗೆದುಕೊಳ್ಳುವವರು ಒಬ್ಬರೇ ಉಳಿಯುವವರೆಗೆ ಒಡೆಯುತ್ತಾ ಹೋಗುವುದೇ ನನ್ನ ವಿಂಗಡಣೆಯ ಮುಖ್ಯ ಕೆಲಸ.

ಆಮೇಲೆ ಪ್ರತಿ ಸಾಲಿನ ಮುಂದೆ ಮೂರು ಪ್ರಶ್ನೆ. ಇದನ್ನು ತೀರ್ಮಾನಿಸುವವರು ಯಾರು? ಅವರ ವ್ಯವಹಾರದಲ್ಲಿ ನಮ್ಮ ಪಾಲು ಎಷ್ಟು? ಅವರು ಬದಲಾಗಬೇಕಾದರೆ ನಾವು ಕೊಡಬಹುದಾದದ್ದು ಏನು, ಅದಕ್ಕೆ ತಗಲುವ ಖರ್ಚು ಎಷ್ಟು?

ಹಾಳೆ ಕೊಡುವ ರೈತರ ಸಾಲನ್ನೇ ನೋಡಿ. ಅವರು ಹಾಳೆಯನ್ನು ನಮಗೊಬ್ಬರಿಗೇ ಮಾರುತ್ತಾರೆ, ಹಾಗಾಗಿ ನಮ್ಮ ಮಾತು ನಡೆಯಬೇಕು ಅನಿಸುತ್ತದೆ. ಆದರೆ ಅವರ ಆದಾಯ ಬರುವುದು ಅಡಿಕೆಯಿಂದ. ಹಾಳೆಯ ದುಡ್ಡು ಲೆಕ್ಕಕ್ಕೇ ಇಲ್ಲ. “ಅಡಿಕೆಗೆ ಈ ರೇಟು ಇರುವಾಗ ಹಾಳೆ ಹೆಕ್ಕಲು ಆಳು ಕಳಿಸುವುದು ಯಾರು ಮಾರಾಯರೇ?” ಎಂದು ಒಬ್ಬರು ಕೇಳಿಯೇ ಬಿಟ್ಟರು. ಅಡಿಕೆ ಧಾರಣೆ ಸ್ಥೂಲ ಪರಿಸರದ್ದು, ಅದು ಹತ್ತಿರದ ರೈತರ ಮೂಲಕ ನಮ್ಮನ್ನು ತಟ್ಟುತ್ತದೆ. ಧಾರಣೆಯನ್ನು ನಾವು ಅಲುಗಿಸಲಾರೆವು, ಹೆಕ್ಕುವ ತೊಂದರೆಯನ್ನು ಮಾತ್ರ ಇಳಿಸಬಹುದು.

ಎಷ್ಟು ಕೊಟ್ಟರೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕಿದೆ. ಹಾಳೆಗೆ ಒಂದೂವರೆ ರೂಪಾಯಿ ಎಂದುಕೊಳ್ಳಿ. ನೂರು ಹಾಳೆಗೆ 150 ರೂಪಾಯಿ. ಅದರಲ್ಲಿ 25 ಬೂಸಲಿಗೆ ಹೋದರೆ ಉಳಿದ ಪ್ರತಿ ಹಾಳೆಗೆ ಬಿದ್ದದ್ದು 2 ರೂಪಾಯಿ. ಒಣಗಿದ ಹಾಳೆಗೆ 1.80 ಕೊಟ್ಟು, ಹಾಳಾಗುವುದು ಎಂಟಕ್ಕೆ ಇಳಿದರೆ 180 ರೂಪಾಯಿಗೆ 92 ಹಾಳೆ, ತಲಾ ಸುಮಾರು 1.96. ಹಾಳೆಯ ಬೆಲೆಯಲ್ಲಿ ಉಳಿತಾಯ ನಾಲ್ಕೇ ಪೈಸೆ. ನಿಜವಾದ ಲಾಭ ಇರುವುದು ಕೆಟ್ಟ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿಗೆ ಹಾಕುವ ಕೂಲಿ ಮತ್ತು ಕರೆಂಟಿನಲ್ಲಿ. ಆದ್ದರಿಂದ ಮೂವತ್ತು ಪೈಸೆ ಏರಿಸಿದೆವು, ಅದರಾಚೆ ಹೋಗಲಿಲ್ಲ. ಜೊತೆಗೆ ಬೇಸಗೆಯಲ್ಲಿ ನಮ್ಮ ಗಾಡಿಯೇ ತೋಟದ ಬಾಗಿಲಿಗೆ ಹೋಗುತ್ತದೆ. ಕಟ್ಟಿನ ನಡುವಿನ ಹಾಳೆಯನ್ನು ಎಳೆದು ಮಡಚಿ ನೋಡುತ್ತೇವೆ: ಒಣಗಿದ್ದು ಗರಿಗರಿಯಾಗಿ ಸದ್ದು ಮಾಡುತ್ತದೆ, ಹಸಿ ಇದ್ದದ್ದು ಸುಮ್ಮನೆ ಬಾಗುತ್ತದೆ. ಹೊರಗಿನ ಹಾಳೆಯನ್ನು ನೋಡಿ ನಂಬಬಾರದು.

ಇನ್ನು ರಫ್ತುದಾರರು. ಹೆಸರು ಗೊತ್ತು, ಫೋನ್ ನಂಬರ್ ಇದೆ, ದೀಪಾವಳಿಗೆ ಸಿಹಿ ಕಳಿಸುತ್ತಾರೆ. ಸೂಕ್ಷ್ಮ ಪರಿಸರವೆನ್ನಲು ಇನ್ನೇನು ಬೇಕು? ಆದರೂ ಅವರು ಮಾಲು ಕೊಳ್ಳುವ ಹತ್ತಾರು ಘಟಕಗಳಲ್ಲಿ ನಮ್ಮದೊಂದು. ನಾವು ಮಾಲು ನಿಲ್ಲಿಸಿದರೆ ಅವರಿಗೆ ಅರ್ಧ ದಿನದ ತಲೆನೋವು. ಅವರ ದರದ ಮೇಲೆ ನಮ್ಮ ಪ್ರಭಾವ ಇಲ್ಲವೆಂದೇ ಬರೆದುಕೊಂಡೆ. ಹತ್ತಿರವಿದ್ದೂ ಅಲುಗದ ಇಂಥವರ ಮೇಲೆ ಅವಲಂಬನೆ ಎಷ್ಟಿರಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಇದಕ್ಕೆ ಉಲ್ಟಾ ಉದಾಹರಣೆ ವಿದ್ಯುತ್ ದರ. ಅದು ಸ್ಥೂಲ ಪರಿಸರ, ತೀರ್ಮಾನಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆದರೆ ಆಯೋಗ ದರ ಪರಿಷ್ಕರಣೆಗೆ ಮುನ್ನ ಆಕ್ಷೇಪಣೆ ಕರೆದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಸಣ್ಣ ಕೈಗಾರಿಕೆಗಳ ಸಂಘಗಳು ಅಲ್ಲಿ ವಾದ ಮಂಡಿಸುತ್ತವೆ. ಒಂಟಿ ಘಟಕಕ್ಕೆ ಅಲ್ಲಿ ತೂಕವಿಲ್ಲ, ಸಂಘಕ್ಕೆ ಸ್ವಲ್ಪ ಇದೆ. ಆ ಸಾಲಿನ ಮುಂದೆ ‘ಸಂಘದ ಮೂಲಕ, ಅಲ್ಪ’ ಎಂದಿದೆ, ಖರ್ಚು ವಾರ್ಷಿಕ ಸದಸ್ಯತ್ವ ಶುಲ್ಕ ಮಾತ್ರ.

ಪ್ಲಾಸ್ಟಿಕ್ ನಿಷೇಧವನ್ನೂ ಒಡೆಯಬೇಕಾಯಿತು. ಕರ್ನಾಟಕದಲ್ಲಿ 2016ರಿಂದ, ದೇಶದಾದ್ಯಂತ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆಗಳಿಗೆ ನಿಷೇಧವಿದೆ. ಕಾನೂನು ನಮಗೆ ಅನುಕೂಲವಾಗಿಯೇ ಇದೆ. ಮದುವೆ ಊಟದಲ್ಲಿ ಯಾವ ತಟ್ಟೆ ಬೀಳುತ್ತದೆ ಎಂಬುದನ್ನು ನಿರ್ಧರಿಸುವವರು ಮಾತ್ರ ಅಡುಗೆ ಗುತ್ತಿಗೆದಾರರು ಮತ್ತು ಕಲ್ಯಾಣ ಮಂಟಪದ ವ್ಯವಸ್ಥಾಪಕರು, ಅಂದರೆ ಸೂಕ್ಷ್ಮ ಪರಿಸರದವರು. ಅವರಿಗೆ ಬೇಕಾದದ್ದು ಸಾರು ಸೋರದ ತಟ್ಟೆ, ಮುಹೂರ್ತದ ದಿನಗಳಲ್ಲಿ ಕೊರತೆಯಾಗದ ಪೂರೈಕೆ, ಉಳಿದದ್ದನ್ನು ವಾಪಸ್ ಪಡೆಯುವ ಏರ್ಪಾಡು. ಮೂರನ್ನೂ ನಾವು ಕೊಡಬಲ್ಲೆವು. ಒಬ್ಬ ಗುತ್ತಿಗೆದಾರರ ಹಂಗಾಮಿನ ಖರೀದಿಯಲ್ಲಿ ನಮ್ಮ ಪಾಲು ದೊಡ್ಡದೇ ಆಗುತ್ತದೆ. ತೆರೆಯದ ಕಟ್ಟುಗಳನ್ನು ಹಿಂದಕ್ಕೆ ಪಡೆಯುತ್ತೇವೆ ಎಂದ ಮೇಲೆ ಅವರ ಆರ್ಡರ್‌ಗಳ ಗಾತ್ರ ಏರಿತು.

ಅಮೆರಿಕದ ಆಕ್ಷೇಪದ ಸಾಲಿನ ಮುಂದೆ ‘ಪ್ರಭಾವ ಇಲ್ಲ’ ಎಂದು ಬರೆದು, ಗಮನಿಸಬೇಕಾದ್ದನ್ನು ಪಕ್ಕದಲ್ಲಿ ಸೇರಿಸಿದ್ದೇನೆ: ಬೇರೆ ದೇಶಗಳೂ ಇದೇ ಪ್ರಶ್ನೆ ಎತ್ತುತ್ತವೆಯೇ, ಇಲ್ಲಿನ ನಿಯಮಗಳು ಬದಲಾಗುತ್ತವೆಯೇ ಎಂದು. ಹಾಳೆ ಖರೀದಿ ಶುರುವಾಗುವ ಮೊದಲು ಪ್ರತಿ ವರ್ಷ ಈ ಪಟ್ಟಿಯನ್ನು ತೆಗೆದು, ಪಾಲು ಎಷ್ಟು ಎಂಬ ಅಂಕಣವನ್ನು ಹೊಸದಾಗಿ ತುಂಬುತ್ತೇನೆ. ಹೆಚ್ಚು ಬದಲಾಗುವುದು ಅದೊಂದೇ. ಈ ಬಾರಿ ರಫ್ತುದಾರರಿಗೆ ಹೋಗುವ ಮಾಲು ನಮ್ಮ ಒಟ್ಟು ಉತ್ಪಾದನೆಯ ಕಾಲು ಭಾಗ ಮೀರಬಾರದೆಂದು ಮಿತಿ ಹಾಕಿಕೊಂಡಿದ್ದೇವೆ.