1 ಟಿಬಿ ಡಿಸ್ಕ್‌ನಲ್ಲಿ 931 ಜಿಬಿ ಮಾತ್ರ ಕಾಣುವುದು ಯಾಕೆ? ನೀವೇ ಲೆಕ್ಕ ಹಾಕಿ ನೋಡಿ

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 1 ಟಿಬಿ ಅಂತ ಇರುತ್ತದೆ. ಮನೆಗೆ ತಂದು ಕಂಪ್ಯೂಟರಿಗೆ ಹಾಕಿದರೆ 931 ಜಿಬಿ. ಇನ್ನೂ ಒಂದು ಫೋಟೋ ಕೂಡ ಹಾಕಿಲ್ಲ, ಆಗಲೇ 69 ಜಿಬಿ ಮಾಯ! ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದಾದರೂ ಕಂಪ್ಯೂಟರ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ತಕರಾರು ಕಿವಿಗೆ ಬೀಳದೆ ಇರುವುದಿಲ್ಲ.

"ಅಣ್ಣಾರ, 1 ಟಿಬಿ ಅಂತ ರೊಕ್ಕ ತಗೊಂಡ್ರಿ, ಇದ್ರಾಗ 931 ಅದರಿ" ಅಂತ ಗಿರಾಕಿ. "ಎಲ್ಲಾ ಕಂಪನೀದೂ ಹಂಗೇ ಬರ್ತದರಿ, ಫಾರ್ಮ್ಯಾಟ್ ಮಾಡಿದ್ರ ಅಷ್ಟು ಹೋಗ್ತದ" ಅಂತ ಅಂಗಡಿಯವರು.

ಅಂಗಡಿಯವರ ಮಾತಿನಲ್ಲಿ ಮೊದಲರ್ಧ ನಿಜ, ಎಲ್ಲ ಕಂಪನಿಯದೂ ಹಾಗೇ ಬರುತ್ತದೆ. ಎರಡನೇ ಅರ್ಧ ಸುಳ್ಳು. ಖಾಲಿ 1 ಟಿಬಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಅದಕ್ಕೆ ಹೋಗುವ ಜಾಗ ಸಾಮಾನ್ಯವಾಗಿ ಒಂದು ಜಿಬಿಯೂ ಇರುವುದಿಲ್ಲ, ಅದೂ ಬಳಸಿದ ಜಾಗದ ಲೆಕ್ಕದಲ್ಲಿ ಕಾಣುತ್ತದೆಯೇ ಹೊರತು ಒಟ್ಟು ಅಳತೆಯನ್ನು ಕಡಿಮೆ ಮಾಡುವುದಿಲ್ಲ. ಹಾಗಾದರೆ 69 ಜಿಬಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಡಬ್ಬಿ ಒಂದು ಅಳತೆಯಲ್ಲಿ ಎಣಿಸಿದೆ, ವಿಂಡೋಸ್ ಇನ್ನೊಂದು ಅಳತೆಯಲ್ಲಿ ಎಣಿಸಿದೆ, ಅಷ್ಟೇ. ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ನಿಮ್ಮ ಡಿಸ್ಕ್‌ನಲ್ಲೇ ನೋಡಬಹುದು.

ಮೊದಲು ಬೈಟ್ ಎಷ್ಟಿದೆ ನೋಡಿ

ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ This PC ತೆರೆಯಿರಿ. ಆ ಡ್ರೈವ್ ಮೇಲೆ ಮೌಸ್‌ನ ಬಲಗಡೆ ಬಟನ್ ಒತ್ತಿ, ಕೆಳಗಡೆ Properties ಆರಿಸಿ. ಅಲ್ಲಿ ದುಂಡಗಿನ ಚಿತ್ರದ ಹತ್ತಿರ Capacity ಅಂತ ಒಂದು ಸಾಲು ಇರುತ್ತದೆ. ಹೆಚ್ಚಿನವರು ಆ ಸಾಲಿನ ಕೊನೆಯಲ್ಲಿರುವ 931 GB ಮಾತ್ರ ಓದುತ್ತಾರೆ. ಅದರ ಎಡಗಡೆ ಉದ್ದನೆಯ ಸಂಖ್ಯೆ ಒಂದಿದೆ ನೋಡಿ, ಅದು ಬೈಟ್‌ಗಳ ಲೆಕ್ಕ. 1 ಟಿಬಿ ಡಿಸ್ಕ್‌ನಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

```
1,000,169,533,440 bytes     931 GB
```

ಕೊನೆಯ ಕೆಲವು ಅಂಕಿ ನಿಮ್ಮದರಲ್ಲಿ ಬೇರೆ ಇರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲಿನ ಅಂಕಿ ನೋಡಿ. ಒಂದರ ಮುಂದೆ ಹನ್ನೆರಡು ಸ್ಥಾನ, ಅಂದರೆ ಒಂದು ಲಕ್ಷ ಕೋಟಿ ಬೈಟ್. ಡಬ್ಬಿಯ ಮೇಲಿನ 1 ಟಿಬಿ ಅಂದರೆ ಇದೇ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲೂ 1 GB ಅಂದರೆ 1,000,000,000 ಬೈಟ್ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ, ಆದರೆ ಅದನ್ನು ಓದಬೇಕಾದರೆ ಭೂತಗನ್ನಡಿ ಬೇಕು, ಅದು ಬೇರೆ ಮಾತು. ಒಟ್ಟಿನಲ್ಲಿ ಕೊಟ್ಟ ದುಡ್ಡಿಗೆ ಬರಬೇಕಾದ ಬೈಟ್ ಅಷ್ಟೂ ಬಂದಿದೆ.

ಈಗ 1024ರಿಂದ ಭಾಗಿಸಿ

ಕ್ಯಾಲ್ಕುಲೇಟರ್ ತೆಗೆಯಿರಿ. ಡಬ್ಬಿಯವರ ಲೆಕ್ಕ ನಾವು ಕಿಲೋ ಬಳಸುವ ಲೆಕ್ಕವೇ: ಸಾವಿರ ಬೈಟಿಗೆ ಒಂದು ಕಿಲೋಬೈಟ್, ಸಾವಿರ ಕಿಲೋಬೈಟಿಗೆ ಒಂದು ಮೆಗಾಬೈಟ್, ಸಾವಿರ ಮೆಗಾಬೈಟಿಗೆ ಒಂದು ಗಿಗಾಬೈಟ್. ವಿಂಡೋಸ್ ಮಾತ್ರ ಪ್ರತಿ ಮೆಟ್ಟಿಲಿಗೂ 1000 ಬದಲು 1024 ಹಿಡಿಯುತ್ತದೆ. ಹಾಗಾಗಿ ಬೈಟ್ ಸಂಖ್ಯೆಯನ್ನು 1024ರಿಂದ ಮೂರು ಸಲ ಭಾಗಿಸಬೇಕು:

```
1,000,000,000,000 ÷ 1024 = 976,562,500
976,562,500 ÷ 1024 = 953,674.3
953,674.3 ÷ 1024 = 931.3
```

ಬಂತಲ್ವಾ 931! ಈ 1024ರ ಲೆಕ್ಕದ ಒಂದು ಘಟಕಕ್ಕೆ ಗಿಬಿಬೈಟ್ ಅಂತ ಹೆಸರು, ಬರೆಯುವಾಗ GiB ಅಂತ ನಡುವೆ ಒಂದು ಸಣ್ಣ i ಇರುತ್ತದೆ. ಒಂದು ಗಿಗಾಬೈಟ್‌ನಲ್ಲಿ ಸರಿಯಾಗಿ 100 ಕೋಟಿ ಬೈಟ್, ಒಂದು ಗಿಬಿಬೈಟ್‌ನಲ್ಲಿ 1,073,741,824 ಬೈಟ್, ಅಂದರೆ 107 ಕೋಟಿಗೂ ಜಾಸ್ತಿ. ಅಳೆಯುವ ಪಾತ್ರೆ ದೊಡ್ಡದಾದರೆ ಎಣಿಕೆ ಕಡಿಮೆ ಬರಲೇಬೇಕು.

ಇಷ್ಟೇ ಆಗಿದ್ದರೆ ಯಾರಿಗೂ ಗೊಂದಲ ಆಗುತ್ತಿರಲಿಲ್ಲ. ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿಲೋಮೀಟರ್ ಅನ್ನಿ, ಮೈಲಿಯಲ್ಲಿ ಹೇಳಿದರೆ 68. ದಾರಿ ಒಂದೇ, ಅಂಕಿ ಬೇರೆ, ಯಾರೂ ಜಗಳ ಮಾಡುವುದಿಲ್ಲ. ಆದರೆ ರಸ್ತೆ ಪಕ್ಕದ ಬೋರ್ಡಿನಲ್ಲಿ "ಬೀದರ್ 68 ಕಿ.ಮೀ." ಅಂತ ಬರೆದರೆ? ವಿಂಡೋಸ್ ಮಾಡುತ್ತಿರುವುದು ಇದನ್ನೇ. ಗಿಬಿಬೈಟ್‌ನಲ್ಲಿ ಎಣಿಸಿ ಪಕ್ಕದಲ್ಲಿ GB ಅಂತ ಬರೆಯುತ್ತದೆ. ನನ್ನ ಪ್ರಕಾರ ತಪ್ಪು ಡಿಸ್ಕ್ ಕಂಪನಿಯದ್ದಲ್ಲ, ಈ ಬೋರ್ಡಿನದ್ದು.

1024 ಎಲ್ಲಿಂದ ಬಂತು ಅಂದರೆ, ರ್‍ಯಾಮ್‌ನಿಂದ. ರ್‍ಯಾಮ್ ಚಿಪ್‌ನಲ್ಲಿ ಜಾಗದ ವಿಳಾಸ ಸೊನ್ನೆ ಮತ್ತು ಒಂದರಲ್ಲೇ ಇರುವುದರಿಂದ ಅದರ ಅಳತೆ ಎರಡರ ದುಪ್ಪಟ್ಟಿನಲ್ಲೇ ಬೆಳೆಯುತ್ತದೆ: 2, 4, 8, ಹೀಗೆ ಹತ್ತನೇ ಸಲಕ್ಕೆ 1024. ಸಾವಿರಕ್ಕೆ ಹತ್ತಿರ ಇದೆಯಲ್ಲ ಅಂತ ಹಳೆಯ ಕಂಪ್ಯೂಟರ್ ಮಂದಿ ಅದಕ್ಕೂ ಕಿಲೋ ಅಂದುಬಿಟ್ಟರು. ಆಗ ವ್ಯತ್ಯಾಸ ನೂರಕ್ಕೆ ಎರಡೂವರೆಯೂ ಇರಲಿಲ್ಲ, ಯಾರಿಗೂ ಕಾಣಲಿಲ್ಲ. ಆದರೆ ಮೆಟ್ಟಿಲು ಏರಿದಂತೆ ಅದು ಬೆಳೆಯುತ್ತದೆ. ಜಿಬಿಯಲ್ಲಿ ನೂರಕ್ಕೆ ಸುಮಾರು 7 ಕಡಿಮೆ ಕಾಣುತ್ತದೆ, ಟಿಬಿಗೆ ಬಂದರೆ 9. ಅದಕ್ಕೇ 4 ಟಿಬಿ ಡಿಸ್ಕ್ ತಂದವರಿಗೆ 3.63 ಅಂತ ಕಂಡು ಇನ್ನೂ ಜಾಸ್ತಿ ಹೊಟ್ಟೆ ಉರಿಯುವುದು. ಈ ಗೊಂದಲ ಬೇಡ ಅಂತಲೇ 1998ರಲ್ಲಿ ಐಇಸಿ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಗಿಬಿಬೈಟ್ ಹೆಸರನ್ನು ಬೇರೆ ಮಾಡಿ ಕೊಟ್ಟಿತು. ಆ್ಯಪಲ್‌ನವರು 2009ರಲ್ಲಿ ಮ್ಯಾಕ್‌ನಲ್ಲಿ ಸಾವಿರದ ಲೆಕ್ಕಕ್ಕೇ ಬದಲಾಯಿಸಿಕೊಂಡರು, ಅಲ್ಲಿ ಇದೇ ಡಿಸ್ಕ್ 1 ಟಿಬಿ ಅಂತಲೇ ಕಾಣುತ್ತದೆ. ವಿಂಡೋಸ್ ಹಳೆಯ ರೂಢಿ ಬಿಟ್ಟಿಲ್ಲ. ಲಿನಕ್ಸ್ ಇದ್ದರೆ ಎರಡನ್ನೂ ಒಂದೇ ಕಡೆ ನೋಡಬಹುದು:

```
df -h
df -H
```

ಸಣ್ಣ h ಹಾಕಿದರೆ 1024ರ ಲೆಕ್ಕ, ದೊಡ್ಡ H ಹಾಕಿದರೆ 1000ದ ಲೆಕ್ಕ.

ಕೆಲಸಕ್ಕೆ ಬರುವುದು ಎಲ್ಲಿ?

ಸುಮ್ನೆ ತಿಳಿದುಕೊಳ್ಳಲಿಕ್ಕೆ ಅಲ್ಲ ಇದು. ಒಂದು ಉದಾಹರಣೆ ತೆಗೆದುಕೊಳ್ಳಿ. ಮದುವೆ ವಿಡಿಯೋ ಮಾಡಿದ ಸ್ಟುಡಿಯೋದವರು ಮ್ಯಾಕ್‌ನಲ್ಲಿ ನೋಡಿ "ಫೋಲ್ಡರ್ 60 ಜಿಬಿ ಅದರಿ, ಪೆನ್‌ಡ್ರೈವ್ ತರ್ರಿ" ಅಂತಾರೆ. ನಿಮ್ಮ ಹತ್ತಿರ 64 ಜಿಬಿ ಪೆನ್‌ಡ್ರೈವ್ ಇದೆ, ಆದರೆ ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅದು 57.6 ಅಂತ ತೋರಿಸುತ್ತದೆ. 60 ಎಲ್ಲಿ, 57 ಎಲ್ಲಿ, ಹಿಡಿಯಲ್ಲ ಅಂತ 128ರದ್ದು ಕೊಳ್ಳಲು ಓಡುತ್ತೀರಿ. ತಡೆಯಿರಿ. ಮ್ಯಾಕ್‌ನ 60 ಜಿಬಿ ಸಾವಿರದ ಲೆಕ್ಕದ್ದು. ಅದನ್ನು 1.074ರಿಂದ ಭಾಗಿಸಿದರೆ ವಿಂಡೋಸ್ ಲೆಕ್ಕದಲ್ಲಿ 55.9 ಆಗುತ್ತದೆ. 57.6ರಲ್ಲಿ ಹಾಯಾಗಿ ಹಿಡಿಯುತ್ತದೆ, ಒಂದೂವರೆ ಜಿಬಿ ಮೇಲೆ ಉಳಿಯುತ್ತದೆ ಕೂಡ. ಎರಡು ಬೇರೆ ಮಷಿನ್‌ನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಹೋಲಿಸಬೇಕಾದರೆ ಎರಡರಲ್ಲೂ ಬೈಟ್ ನೋಡಿ, ಬೈಟ್ ಎಲ್ಲ ಕಡೆ ಒಂದೇ.

ಇಲ್ಲಿ ಒಂದು ಮಾತು ಬಾಕಿ ಇದೆ. 64 ಜಿಬಿಗೆ ವಿಂಡೋಸ್‌ನಲ್ಲಿ 59.6 ಬರಬೇಕಲ್ವಾ, 57.6 ಯಾಕೆ? ಪೆನ್‌ಡ್ರೈವ್‌ನಲ್ಲಿ ಕೆಟ್ಟುಹೋಗುವ ಚಿಪ್ ಜಾಗಕ್ಕೆ ಬದಲಿಯಾಗಿ ಸ್ವಲ್ಪ ಜಾಗವನ್ನು ಅದರೊಳಗಿನ ಕಂಟ್ರೋಲರ್ ಎತ್ತಿಟ್ಟುಕೊಂಡಿರುತ್ತದೆ. ಹಾಗಾಗಿ ಪೆನ್‌ಡ್ರೈವ್‌ನಲ್ಲಿ ಲೆಕ್ಕಕ್ಕಿಂತ ಒಂದೆರಡು ಜಿಬಿ ಕಡಿಮೆ ಬಂದರೆ ಅದು ಮಾಮೂಲು.

ಫೋನಿನ ಕಥೆ ಬೇರೆ. ಈಗಿನ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 128 ಅಂತಲೇ ತೋರಿಸಿ, ಅದರಲ್ಲಿ ಸಿಸ್ಟಮ್‌ಗೆ ಇಷ್ಟು ಹೋಯಿತು ಅಂತ ಹೇಳುತ್ತದೆ. ಅಲ್ಲಿ ಜಾಗ ನಿಜವಾಗಿಯೂ ತುಂಬಿದೆ, ಅಳತೆಯ ಆಟ ಅಲ್ಲ. ರ್‍ಯಾಮ್‌ಗೆ ಬಂದರೆ 8 ಜಿಬಿ ಅಂತ ಮಾರುವುದು 8 ಗಿಬಿಬೈಟೇ, ಅಲ್ಲಿ ಈ ತಕರಾರೇ ಇಲ್ಲ.

ಯಾವಾಗ ಅನುಮಾನ ಪಡಬೇಕು?

ಡಬ್ಬಿಯ ಅಂಕಿ ಜಿಬಿಯಲ್ಲಿದ್ದರೆ 0.93ರಿಂದ, ಟಿಬಿಯಲ್ಲಿದ್ದರೆ 0.91ರಿಂದ ಗುಣಿಸಿ. 500 ಜಿಬಿಗೆ 465, 2 ಟಿಬಿಗೆ 1.82ರ ಆಸುಪಾಸು ಬರುತ್ತದೆ. ಸ್ಕ್ರೀನ್ ಮೇಲೆ ಅಷ್ಟೇ ಕಂಡರೆ ಸರಿ ಇದೆ.

ಅದಕ್ಕಿಂತ ತೀರಾ ಕಡಿಮೆ ಕಂಡರೆ, ಉದಾಹರಣೆಗೆ 64 ಜಿಬಿ ಪೆನ್‌ಡ್ರೈವ್ 32 ಅಥವಾ ಇನ್ನೂ ಕಡಿಮೆ ತೋರಿಸಿದರೆ, ಯಾರೋ ಅದನ್ನು ಬಳಸಿ ಕಂಪ್ಯೂಟರಿಗೆ ವಿಂಡೋಸ್ ಅಥವಾ ಲಿನಕ್ಸ್ ಹಾಕಿರಬಹುದು. ಆಗ ಡ್ರೈವ್ ತುಂಡುತುಂಡಾಗಿ ಭಾಗ ಆಗಿರುತ್ತದೆ. ಸ್ಟಾರ್ಟ್ ಬಟನ್ ಮೇಲೆ ಬಲಗಡೆ ಬಟನ್ ಒತ್ತಿ Disk Management ತೆರೆದರೆ ಪೂರ್ತಿ ಡ್ರೈವ್ ಉದ್ದನೆಯ ಪಟ್ಟಿಯಾಗಿ ಕಾಣುತ್ತದೆ. ಅದರಲ್ಲಿ Unallocated ಅಂತ ಕಪ್ಪು ಪಟ್ಟಿಯ ಭಾಗ ಇದ್ದರೆ ನಿಮ್ಮ ಜಾಗ ಅಲ್ಲೇ ಕೂತಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಾದರೆ Recovery ಅಂತ ಒಂದೆರಡು ಸಣ್ಣ ಭಾಗ ಇರುತ್ತವೆ, ಅವನ್ನು ಮುಟ್ಟಬೇಡಿ, ವಿಂಡೋಸ್ ಕೆಟ್ಟಾಗ ಬೇಕಾಗುತ್ತವೆ.

ನಿಜವಾದ ಮೋಸ ಇರುವುದು ಉಲ್ಟಾ ಕಡೆ. ಕೆಲವು ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಮಾರುತ್ತಾರಲ್ಲ, ಅದನ್ನು ಹಾಕಿ ನೋಡಿದರೆ ಸ್ಕ್ರೀನ್ ಮೇಲೆ ಟಿಬಿ ಲೆಕ್ಕದಲ್ಲೇ ಭರ್ಜರಿ ಅಂಕಿ ಬರುತ್ತದೆ. ಒಳಗೆ ಇರುವುದು ಬಹಳ ಸಣ್ಣ ಚಿಪ್, ಕಂಟ್ರೋಲರ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಮೊದಲು ಹಾಕಿದ ಫೋಟೋ ಚೆನ್ನಾಗಿ ತೆರೆಯುತ್ತವೆ, ಚಿಪ್ ತುಂಬಿದ ಮೇಲೆ ಹಾಕಿದವು ಹೆಸರಿಗೆ ಇರುತ್ತವೆ, ತೆರೆದರೆ ಕೆಟ್ಟಿರುತ್ತವೆ. ಇದನ್ನು Properties ನೋಡಿ ಹಿಡಿಯಲಾಗದು. ವಿಂಡೋಸ್‌ನಲ್ಲಿ H2testw, ಲಿನಕ್ಸ್‌ನಲ್ಲಿ F3 ಎಂಬ ಉಚಿತ ಸಾಫ್ಟ್‌ವೇರ್ ಇವೆ. ಅವು ಡ್ರೈವ್ ತುಂಬುವ ತನಕ ಬರೆದು, ಬರೆದದ್ದನ್ನು ವಾಪಸ್ ಓದಿ, ಎಷ್ಟು ಸರಿ ಇದೆ ಅಂತ ಹೇಳುತ್ತವೆ. ದೊಡ್ಡ ಡ್ರೈವ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿಬಿಡಿ. ಒಳಗಿನ ಫೈಲ್ ಬೇರೆ ಕಡೆ ನಕಲು ಮಾಡಿ, ಖಾಲಿ ಮಾಡಿಯೇ ಶುರು ಮಾಡಿ. ತಪ್ಪು ಬಂತು ಅಂದರೆ ಬಿಲ್ ಜೊತೆ ಅಂಗಡಿಗೆ ವಾಪಸ್ ಒಯ್ಯಿರಿ, ಈ ಸಲ ಜಗಳ ಮಾಡಿದರೂ ನ್ಯಾಯ ನಿಮ್ಮ ಕಡೆಯೇ ಇರುತ್ತದೆ.