ಮೂಡಿಗೆರೆಯ ಕೆಮ್ಮಣ್ಣು: ಕೈಗೆ ಹಗುರ, ಪ್ರಯೋಗಾಲಯದಲ್ಲಿ ಜೇಡಿ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಒಂದಡಿ ಆಳದ ಕೆಮ್ಮಣ್ಣಿನಲ್ಲಿ ಮರಳು, ರೇವೆ, ಜೇಡಿ ಎಷ್ಟೆಷ್ಟಿವೆ ಎಂದು ಕೈಯಲ್ಲಿ ಪರೀಕ್ಷಿಸುವಾಗ ನಾನು ಮೊದಲು ಗರಸನ್ನೆಲ್ಲ ಆರಿಸಿ ತೆಗೆಯುತ್ತೇನೆ. ಪ್ರಯೋಗಾಲಯದವರೂ 2 ಮಿ.ಮೀ. ಜರಡಿಯಿಂದ ಇಳಿದ ಮಣ್ಣನ್ನಷ್ಟೇ ಅಳೆಯುತ್ತಾರೆ. ಗರಸು ಉಳಿಸಿಕೊಂಡರೆ ಎರಡು ಫಲಿತಾಂಶಗಳನ್ನು ಹೋಲಿಸಲಾಗದು.

ಅಂಗೈಯಲ್ಲಿ ಒಂದು ಹಿಡಿ ಮಣ್ಣಿಗೆ ಹನಿಹನಿಯಾಗಿ ನೀರು ಹಾಕಿ, ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಉಂಡೆ ನಿಂತ ಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಮುಂದೆ ತಳ್ಳಿದರೆ ಪಟ್ಟಿ ಬರುತ್ತದೆ. ತನ್ನ ಭಾರಕ್ಕೇ ಮುರಿಯುವ ಮೊದಲು ಅದು ಎಷ್ಟು ಉದ್ದ ಬಂತು ಅನ್ನುವುದೇ ಅಳತೆ: 2.5 ಸೆಂ.ಮೀ.ಗಿಂತ ಕಡಿಮೆಯಾದರೆ ಗೋಡು, 5ರವರೆಗೆ ಜೇಡಿಗೋಡು, ಅದನ್ನು ಮೀರಿದರೆ ಜೇಡಿ. ಆಮೇಲೆ ಚಿಟಿಕೆ ಮಣ್ಣನ್ನು ಹೆಚ್ಚು ನೀರಿನಲ್ಲಿ ಉಜ್ಜಿ, ತರಿಯೋ ನುಣುಪೋ ಎಂದು ನೋಡುತ್ತೇನೆ.

ಈ ತೋಟದಲ್ಲಿ ಒಂದು ನಿಮಿಷ ನಾದಿದಾಗ ಪಟ್ಟಿ ಸುಮಾರು 3 ಸೆಂ.ಮೀ. ಬಂತು, ತರಿ ಚೆನ್ನಾಗಿ ತಿಳಿಯುತ್ತಿತ್ತು. ಅಂದರೆ ಮರಳುಮಿಶ್ರಿತ ಜೇಡಿಗೋಡು. ಪ್ರಯೋಗಾಲಯದ ವರದಿ ಮರಳು 42, ರೇವೆ 12, ಜೇಡಿ 46 ಶೇಕಡಾ ಎಂದಿತು. ಆ ಲೆಕ್ಕಕ್ಕೆ ವರ್ಗ ಜೇಡಿ.

ವ್ಯತ್ಯಾಸಕ್ಕೆ ಕಾರಣ ಕಬ್ಬಿಣದ ಆಕ್ಸೈಡ್. ಅದು ಜೇಡಿಯ ಕಣಗಳನ್ನು ಗಟ್ಟಿಯಾಗಿ ಅಂಟಿಸಿ ಸಣ್ಣ ಹರಳುಗಳಾಗಿಸುತ್ತದೆ. ಬೆರಳಿಗೆ ಅವು ಮರಳಿನಂತೆಯೇ ತಾಗುತ್ತವೆ. ಪ್ರಯೋಗಾಲಯದಲ್ಲಿ ಮಣ್ಣನ್ನು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದಲ್ಲಿ ನೆನೆಸಿ, ಯಂತ್ರದಲ್ಲಿ ಕಲಕಿ ಆ ಹರಳುಗಳನ್ನು ಬಿಡಿಸಿದ ನಂತರವೇ ಜೇಡಿ ಅಳೆಯಲು ಹೈಡ್ರೋಮೀಟರ್ ಇಳಿಸುವುದು.

ತೋಟದಲ್ಲೇ ಇದನ್ನು ಪತ್ತೆಮಾಡಬಹುದು. ಅದೇ ಉಂಡೆಯನ್ನು ಹತ್ತು ನಿಮಿಷ, ಒಣಗಿದಂತೆಲ್ಲ ನೀರು ಸೇರಿಸುತ್ತಾ ನಾದಿದೆ. ತರಿ ಕಡಿಮೆಯಾಯಿತು, ಪಟ್ಟಿ 5 ಸೆಂ.ಮೀ. ದಾಟಿತು. ಉಳಿದ ತರಿಯನ್ನು ಲೋಟದಲ್ಲಿ ತೊಳೆದು, ಕೆಂಪು ನೀರು ಚೆಲ್ಲಿ, ಉಗುರಿನಿಂದ ಒತ್ತಿ ನೋಡಿದೆ. ಪುಡಿಯಾಗಿ ಕೆಂಪಗೆ ಮೆತ್ತಿಕೊಂಡದ್ದು ಜೇಡಿಯ ಹರಳು, ಒತ್ತಿದರೂ ಜಗ್ಗದ್ದು ನಿಜವಾದ ಮರಳು.

ಹಾಗೆಂದು ಮೊದಲ ನಿಮಿಷದ ಪಟ್ಟಿಯನ್ನು ನಾನು ತಳ್ಳಿಹಾಕುವುದಿಲ್ಲ. ಮಳೆ ನೀರು ಈ ಮಣ್ಣಿನಲ್ಲಿ ಇಳಿಯುವುದು ಹರಳುಗಳ ಸಂದಿನಲ್ಲಿ. ಆದ್ದರಿಂದ ನೀರು ಬಸಿಯುವ ಲೆಕ್ಕಕ್ಕೆ ಆ ಪಟ್ಟಿಯೇ ಹತ್ತಿರ. ಪುಸ್ತಕದಲ್ಲಿ ಎರಡೂ ಉದ್ದಗಳನ್ನು, ನಾದಿದ ಸಮಯದ ಜೊತೆ ಬರೆಯುತ್ತೇನೆ. ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಕಣಗಳ ಪ್ರಮಾಣ ಇಲ್ಲ, ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಮಾದರಿ ಕೊಡುವಾಗಲೇ ರಾತ್ರಿಯಿಡೀ ದ್ರಾವಣದಲ್ಲಿ ನೆನೆಸುತ್ತೀರಾ ಎಂದು ವಿಚಾರಿಸಿ. ನೆನೆಸದಿದ್ದರೆ ವರದಿಯಲ್ಲೂ ಜೇಡಿ ಕಡಿಮೆ ಬರುತ್ತದೆ.

ಕಡೂರು ಕಡೆಯ ಎರೆಮಣ್ಣಿಗೆ ಇಷ್ಟು ನಾದುವ ಅಗತ್ಯವಿಲ್ಲ. ಮೊದಲ ಸಲವೇ ಉದ್ದನೆಯ ಪಟ್ಟಿ ಬರುತ್ತದೆ, ಎಷ್ಟು ನಾದಿದರೂ ಅಷ್ಟೇ ಇರುತ್ತದೆ.