ಕೊನೇಲಿ ಟ್ವಿಸ್ಟ್ ಇರೋ ಪುಟ್ಟ ಕಥೆ ಬರೆದು, ಸುಳಿವಿನ ಮೇಲೆ ಪ್ರಶ್ನೆ ಕೇಳೋದು ಹೇಗೆ

ಹೈಸ್ಕೂಲ್ ಮಕ್ಕಳಿಗೆ ಟ್ವಿಸ್ಟ್ ಕಥೆ ಬರೀಬೇಕು ಅಂದ್ರೆ ಎರಡು ಅರ್ಥ ಇರೋ ಒಂದು ಪದ ಹುಡುಕಿ, ಅರ್ಧ ಕೆಲಸ ಅಲ್ಲೇ ಮುಗೀತು. ನಮ್ಮ ಕೊಡಗಲ್ಲಿ ಅಂಥ ಪದ ಸೆಂಟ್. ಜಾಗ ಅಳೆಯೋದೂ ಸೆಂಟಲ್ಲೇ, ತೋಟದವರು ಮಳೆ ಲೆಕ್ಕ ಹೇಳೋದೂ ಸೆಂಟಲ್ಲೇ. ನೂರು ಸೆಂಟ್ ಜಾಗ ಅಂದ್ರೆ ಒಂದು ಎಕರೆ, ನೂರು ಸೆಂಟ್ ಮಳೆ ಅಂದ್ರೆ ಒಂದು ಇಂಚು.

ಮೊದಲು ಕೊನೇ ಸಾಲು ಬರ್ಕೊಳ್ಳಿ, ಆಮೇಲೆ ಹಿಂದಕ್ಕೆ ಬನ್ನಿ. ನಾನು ಹಾಗೇ ಮಾಡಿದ್ದು, ಕಥೆ ಇದು:

"ಮಾರ್ಚ್ ತಿಂಗಳು. ಪೃಥ್ವಿ ರಜೆಗೆ ಅಂತ ಅಜ್ಜನ ಮನೆಗೆ ಬಂದಿದ್ದ. ಅಜ್ಜ ಜಗಲೀಲಿ ನಿಂತು ಫೋನಲ್ಲಿ, 'ನಿಮ್ದು ನಲವತ್ತು ಸೆಂಟಾ? ನಮ್ದು ಒಂದಿಷ್ಟೂ ಆಗ್ಲಿಲ್ಲ ಮಾರಾಯ, ಹೀಗೇ ಹೋದ್ರೆ ಈ ವರ್ಷದ ಕಥೆ ಮುಗೀತು' ಅಂತಿದ್ರು. ಫೋನ್ ಇಟ್ಟು ಅಂಗಳಕ್ಕೆ ಇಳಿದು ಮೇಲೆ ನೋಡಿ ಸುಮ್ನೆ ವಾಪಸ್ ಬಂದ್ರು. ಮಂಗಳವಾರ ರಾತ್ರಿ ಕರೆಂಟ್ ಹೋಗಿದ್ದು ಬೆಳಗಾದ್ರೂ ಬಂದಿರ್ಲಿಲ್ಲ. ಅಜ್ಜ ಹೊರಗಿಂದ ಒಂದು ಉದ್ದದ ಗಾಜಿನ ಗ್ಲಾಸ್ ಹಿಡ್ಕೊಂಡು ಬಂದು ಡೈರೀಲಿ ಏನೋ ಬರೆದ್ರು, ತೋಳು ಒದ್ದೆಯಾಗಿತ್ತು. ಮತ್ತೆ ಫೋನ್. 'ನೂರಾ ಇಪ್ಪತ್ತು ಸೆಂಟ್, ಒಂದೇ ರಾತ್ರೀಲಿ! ಇನ್ನು ಚಿಂತೆ ಇಲ್ಲ.' ಹೊಳೆ ಪಕ್ಕದ ತೋಟ ಮಾರಿಬಿಟ್ರು ಅಂತ ಪೃಥ್ವಿಗೆ ಖಾತ್ರಿಯಾಯ್ತು. ಯಾರ ಹತ್ರನೂ ಮಾತಾಡದೆ ಹಾಸ್ಟೆಲಿಗೆ ಹೋದ. ಒಂಬತ್ತು ದಿನ ಕಳೆದು ಬಂದವನು ಬ್ಯಾಗ್ ಎಸೆದು ಹೊಸ ಬೇಲಿ ನೋಡೋಕೆ ಓಡಿದ. ಬೇಲಿ ಇಲ್ಲ. ಕಣ್ಣು ಹೋದಷ್ಟು ದೂರ ಕಾಫಿ ಗಿಡ ಬೆಳ್ಳಗೆ, ಮಲ್ಲಿಗೆ ಥರ ಪರಿಮಳ. ಹಿಂದೆ ಬಂದು ನಿಂತ ಅಜ್ಜ ಹೇಳಿದ್ರು, 'ನೂರಾ ಇಪ್ಪತ್ತು ಸೆಂಟ್ ಮಳೆ ಮಗ, ಹೂವು ಹೇಗೆ ಬಂದಿದೆ ನೋಡು.'"

ಗಮನಿಸಿ, ಮಳೆ ಅನ್ನೋ ಪದ ಕೊನೇ ಸಾಲಿನವರೆಗೂ ಎಲ್ಲೂ ಇಲ್ಲ. ಮೊದಲ ಸಲ ಬರೆದಾಗ ನಾನು ರಾತ್ರಿ ಹಂಚಿನ ಮೇಲೆ ಸದ್ದು ಅಂತ ಹಾಕಿದ್ದೆ, ಓದಿದ ಹುಡುಗಿ ಒಬ್ಬಳು ಅಲ್ಲೇ 'ಓ ಮಳೆ' ಅಂದ್ಬಿಟ್ಲು. ಆ ಸದ್ದಿಗೆ ಒಂದೇ ಅರ್ಥ ಇತ್ತು, ಅದಕ್ಕೇ ಅದನ್ನ ತೆಗೆದು ಕರೆಂಟ್ ಹೋಯ್ತು ಅಂತ ಹಾಕ್ದೆ, ಕೊಡಗಲ್ಲಿ ಗಾಳಿಮಳೆಗೂ ಕರೆಂಟ್ ಹೋಗುತ್ತೆ, ಸುಮ್ಸುಮ್ನೆನೂ ಹೋಗುತ್ತೆ. ಸುಳಿವು ಅಂದ್ರೆ ಹೀಗಿರ್ಬೇಕು, ಮೊದಲ ಸಲ ಓದ್ವಾಗ ಒಂದು ಅರ್ಥ ಕೊಟ್ಟು ಎರಡನೇ ಸಲ ಇನ್ನೊಂದು ಕೊಡ್ಬೇಕು. ಅಜ್ಜ ಮೇಲೆ ನೋಡಿದ್ದು ಮೊದಲು ಚಿಂತೆ ಅನ್ಸುತ್ತೆ, ಆಮೇಲೆ ಮೋಡ ನೋಡ್ತಿದ್ರು ಅಂತ ಗೊತ್ತಾಗುತ್ತೆ. ಒಂಬತ್ತು ದಿನ ಅನ್ನೋದೂ ಸುಮ್ನೆ ಹಾಕಿದ್ದಲ್ಲ, ರೋಬಸ್ಟಾ ಒಂದು ಇಂಚಿನಷ್ಟು ಮಳೆ ಬಿದ್ದು ಏಳರಿಂದ ಹತ್ತು ದಿನಕ್ಕೆ ಅರಳುತ್ತೆ, ಮಾರನೇ ದಿನವೇ ಹೂವು ಅಂತ ಬರೆದಿದ್ರೆ ತೋಟದ ಮನೆ ಮಕ್ಕಳು ಕಥೆ ನಂಬ್ತಿರ್ಲಿಲ್ಲ.

ಈಗ ಪ್ರಶ್ನೆ. ಮುನ್ಸೂಚನೆ ಅಂದ್ರೇನು ಅಂತ ಕೇಳ್ಬೇಡಿ, ಮಕ್ಕಳು ಬಾಯಿಪಾಠ ಒಪ್ಪಿಸ್ತಾರೆ ಅಷ್ಟೇ. 'ಬೇಲಿ ಇಲ್ಲ' ಅನ್ನೋದಕ್ಕಿಂತ ಮೊದಲು ಓದು ನಿಲ್ಲಿಸಿ ಕೇಳಿ:

೧. ಅಜ್ಜ ಏನು ಮಾಡಿರ್ಬಹುದು? ಯಾವ ಸಾಲು ನೋಡಿ ಹಾಗನ್ಸಿತು?

ಪೂರ್ತಿ ಓದಿದ್ಮೇಲೆ ಇವು:

೨. ಜಾಗ ಮಾರೋದಕ್ಕೆ ಸಂಬಂಧವೇ ಇಲ್ಲದ ಎರಡು ವಿಷಯ ಬುಧವಾರ ಬೆಳಿಗ್ಗೆ ನಡೆದಿದ್ದು ಯಾವುವು?

೩. 'ಈ ವರ್ಷದ ಕಥೆ ಮುಗೀತು' ಅನ್ನೋದಕ್ಕೆ ಪೃಥ್ವಿ ತಿಳ್ಕೊಂಡ ಅರ್ಥ ಏನು, ಅಜ್ಜನ ಅರ್ಥ ಏನು?

೪. ಗಾಜಿನ ಗ್ಲಾಸ್ ಸಾಲು ತೆಗೆದ್ರೆ ಕೊನೆ ಮೋಸ ಅನ್ಸುತ್ತಾ? ಯಾಕೆ?

ಎರಡನೇದಕ್ಕೆ ಉತ್ತರ ಗ್ಲಾಸ್, ಒದ್ದೆ ತೋಳು. ಕರೆಂಟ್ ಅಂತ ಬರೆದವರಿಗೂ ಮಾರ್ಕ್ಸ್ ಕೊಡಿ, ಬೆಳಿಗ್ಗೆನೂ ಅದು ಇರ್ಲಿಲ್ಲ ಅಲ್ವಾ. ನಾಲ್ಕನೇದಕ್ಕೆ ಒಂದೇ ಸರಿ ಉತ್ತರ ಇಲ್ಲ, ಕಾರಣ ಕೊಟ್ಟಿದಾರಾ ನೋಡಿ. ನನ್ನ ಪ್ರಕಾರ ಆ ಸಾಲು ಬೇಕೇ ಬೇಕು, ಮಳೆ ಅಳತೆಗೆ ಅದೊಂದೇ ನೇರ ಸಾಕ್ಷಿ.

ಮೊದಲ ಪ್ರಶ್ನೆಗೆ ಕ್ಲಾಸಲ್ಲಿ ಮುಕ್ಕಾಲು ಪಾಲು ಮಕ್ಕಳು ಮಳೆ ಅಂದ್ರೆ ಸುಳಿವು ಜಾಸ್ತಿಯಾಗಿದೆ ಅಂತ, ಒದ್ದೆ ತೋಳು ತೆಗೀರಿ. ಯಾರೂ ಹೇಳ್ದೆ ಕೊನೇಲಿ 'ಇದು ಎಲ್ಲಿಂದ ಬಂತು' ಅಂದ್ರೆ ಕಡಿಮೆಯಾಗಿದೆ. ಮೈಸೂರು, ಬೆಂಗಳೂರಿನ ಮಕ್ಕಳಿಗೆ ಓದಿಸೋದಾದ್ರೆ ಮಳೆಗೂ ಸೆಂಟ್ ಲೆಕ್ಕ ಇದೆ ಅಂತಲೇ ಗೊತ್ತಿರಲ್ಲ, ಅವರಿಗೆ ಅಜ್ಜನ ಡೈರೀಲಿ ಜೂನ್ ಜುಲೈ ಪುಟ ತುಂಬಾ ಅಂಕಿ, ಜನವರಿ ಪುಟ ಖಾಲಿ ಅಂತ ಒಂದು ಸಾಲು ಸೇರಿಸಿ.